ಬಿಟ್ಟಲ್ಲಿಂದಲೇ ಶುರುವಾಗುವುದಿಲ್ಲ

ನಮ್ಮ ಪಿಯುಸಿ ಬ್ಯಾಚಿನ ವಾಟ್ಸಾಪ್ ಗ್ರೂಪ್ ಶುರುವಾದಾಗಿನಿಂದ ಒಂದು ಮಾತು ಕೇಳಿ ಕೇಳಿ ಸಾಕಾಗಿದೆ: ‘ಪ್ರೀತಿ ನಿಜವಾಗಿದ್ದರೆ ಎಷ್ಟು ವರ್ಷವಾದರೂ ಮತ್ತೆ ಸಿಗುತ್ತೆ, ಬಿಟ್ಟಲ್ಲಿಂದಲೇ ಮುಂದುವರಿಯುತ್ತೆ.’ ಹೇಳುವವರಿಗೆಲ್ಲ ಐವತ್ತು ದಾಟಿದೆ. ಅವಳು ಉಟ್ಟಿದ್ದ ದಾವಣಿಯ ಬಣ್ಣ ನೆನಪಿದೆ, ದೂರವಾದ ಕಾರಣ ಮರೆತಿದೆ.

ಇವರು ಒಂದು ಅಂಕಿಯನ್ನೂ ಎತ್ತಿ ತೋರಿಸುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ನ್ಯಾನ್ಸಿ ಕಲಿಶ್ 1990ರ ದಶಕದಲ್ಲಿ, ವರ್ಷಗಟ್ಟಲೆ ದೂರವಿದ್ದು ಮತ್ತೆ ಹತ್ತಿರವಾದ 1,001 ಮಂದಿಯನ್ನು ವಿಚಾರಿಸಿದಾಗ ಶೇ 72ರಷ್ಟು ಮಂದಿ ಜೊತೆಯಲ್ಲೇ ಇದ್ದರು. ಸರಿ. ಆದರೆ ಅವರೆಲ್ಲ ತಾವಾಗಿ ಮುಂದೆ ಬಂದು ಕಥೆ ಹೇಳಿದವರು. ಪೆಟ್ಟು ತಿಂದವರು ಹಾಗೆ ಬರುವುದು ಕಡಿಮೆ. ಕಥೆ ಹೇಳಿದವರಲ್ಲಿ ಅನೇಕರನ್ನು ಹಿಂದೆ ಅಗಲಿಸಿದ್ದು ಹೆತ್ತವರ ವಿರೋಧದಂಥ ಹೊರಗಿನ ಕಾರಣ. ಇಂಟರ್ನೆಟ್ ಬಂದ ಮೇಲೆ, ಮದುವೆಯಾದವರು ಹಳಬರನ್ನು ಹುಡುಕಬೇಡಿ ಎಂದು ಎಚ್ಚರಿಸಿದ್ದೂ ಇದೇ ಕಲಿಶ್. ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಕೇಳಬೇಕಾದ ಪ್ರಶ್ನೆ ಒಂದೇ: ಆಗ ಅಡ್ಡ ಬಂದದ್ದು ಏನು? ಜಾತಿ, ಅಪ್ಪನ ಹಟ, ದೂರದ ಊರಿನ ಕೆಲಸ ಆಗಿದ್ದರೆ ಅದು ಈಗ ಇಲ್ಲದಿರಬಹುದು. ಸುಳ್ಳು, ಕುಡಿತ, ಹೊಡೆತ ಆಗಿದ್ದರೆ ಅದು ಆ ಮನುಷ್ಯನ ಜೊತೆಗೇ ವಾಪಸು ಬರುತ್ತದೆ.

ನನ್ನ ಗೆಳತಿಯೊಬ್ಬಳು ಗಂಡ ತೀರಿಕೊಂಡು ಆರು ವರ್ಷದ ಮೇಲೆ ಹಳೆಯ ಗೆಳೆಯನ ಜೊತೆ ಮಾತಾಡತೊಡಗಿದಳು. ಜಾತಿಯ ಕಾರಣಕ್ಕೆ ದೂರವಾಗಿದ್ದವರು. ಅಲ್ಲಿಗೆ ಎಲ್ಲ ಸರಿ. ಆದರೆ ಅವನಿಗೆ ಹೆಂಡತಿ ಇದ್ದಳು. ‘ನಾವು ಮೂರು ವರ್ಷದಿಂದ ಬೇರೆ ಇದ್ದೀವಿ, ಡೈವೋರ್ಸ್ ಆದ ಹಾಗೇ’ ಎಂದ. ‘ಆದ ಹಾಗೇ ಅಂದ್ರೆ? ಡಿಕ್ರಿ ಕಾಪಿ ತೋರ್ಸು’ ಅಂದಳು. ಕೇಸೇ ಹಾಕಿರಲಿಲ್ಲ. ಎಷ್ಟು ವರ್ಷ ಬೇರೆ ಇದ್ದರೂ ಕೋರ್ಟಿನ ಡಿಕ್ರಿ ಇಲ್ಲದೆ ಹಿಂದೂ ವಿವಾಹ ಮುರಿಯುವುದಿಲ್ಲ. ಅದರ ಮೇಲೆ ಇನ್ನೊಂದು ಮದುವೆಯಾದರೆ ಅದು ಅಸಿಂಧು, ಅಪರಾಧವೂ ಹೌದು. ಅವಳು ಅಲ್ಲಿಗೇ ನಿಂತಳು. ನಿಲ್ಲದಿದ್ದರೆ ಇನ್ನೂ ಮೂರು ವಿಷಯ ಬಾಯಿಬಿಟ್ಟು ಮಾತಾಡಬೇಕಿತ್ತು: ಸಾಲ ಎಷ್ಟು, ಮಕ್ಕಳಿಗೆ ಯಾವಾಗ ಹೇಳುವುದು, ಬೇಕಿರುವುದು ಮದುವೆಯೋ ಬರೀ ಒಡನಾಟವೋ.

ಉಳಿದ ನಂಬಿಕೆಗಳಿಗೆ ಒಂದೊಂದು ಸಾಲು ಸಾಕು. ‘ಸುಮ್ಮನೆ ಹಾಯ್ ಅಂದರೇನು ತಪ್ಪು?’ ಹೆಂಡತಿ ಪಕ್ಕದಲ್ಲಿ ಕೂತಿರುವಾಗಲೇ ಅದನ್ನು ಟೈಪ್ ಮಾಡಬಲ್ಲಿರಾದರೆ ತಪ್ಪಿಲ್ಲ. ‘ವಿಧವೆ ಮರುಮದುವೆಯಾದರೆ ಗಂಡನಿಂದ ಬಂದ ಆಸ್ತಿ ಹೋಗುತ್ತೆ.’ ಹಿಂದೂ ಉತ್ತರಾಧಿಕಾರ ಕಾಯ್ದೆಯಡಿ ಒಮ್ಮೆ ಅವಳದಾದ ಪಾಲು ಅವಳದೇ. ನಿಲ್ಲಬಹುದಾದದ್ದು ಕುಟುಂಬ ಪಿಂಚಣಿ, ಅದನ್ನು ಮೊದಲೇ ಕೇಳಿಕೊಳ್ಳಿ.

ಹತ್ತು ರೂಪಾಯಿ ಸೊಪ್ಪು ಕೊಳ್ಳುವಾಗ ಕಟ್ಟು ಬಿಚ್ಚಿ ನೋಡುವ ಜನ ನಾವು. ಮೂವತ್ತು ವರ್ಷದ ಮೇಲೆ ಬಂದ ಮನುಷ್ಯನನ್ನೂ ಅಷ್ಟು ನೋಡಿ.