ಐದು ಸ್ವರಗಳಲ್ಲಿ ಒಂದು ಆಜ್ಞೆ

1854ರ ಸೆಪ್ಟೆಂಬರ್ 20. ಕ್ರಿಮಿಯಾದ ಆಲ್ಮಾ ನದಿ ದಾಟಿದ ಬ್ರಿಟಿಷ್ ಸೈನಿಕರು ಗುಂಡಿನ ಮಳೆಯ ನಡುವೆಯೇ ದಿಬ್ಬ ಹತ್ತಿ ರಷ್ಯನ್ನರ ದೊಡ್ಡ ಫಿರಂಗಿ ಕೋಟೆಯನ್ನು ವಶಪಡಿಸಿಕೊಂಡಿದ್ದರು. ಅಷ್ಟರಲ್ಲಿ ಎದುರಿನ ಇಳಿಜಾರಿನಿಂದ ರಷ್ಯದ ಕಾಲಾಳುಗಳ ದಟ್ಟ ಪಡೆಯೊಂದು ಇಳಿದು ಬಂತು. ಅವರು ಮಿತ್ರಪಕ್ಷದ ಫ್ರೆಂಚರು, ಗುಂಡು ಹಾರಿಸಬೇಡಿ ಎಂದು ಯಾರೋ ಕೂಗಿದರು. ಆಮೇಲೆ ಒಂದು ಬ್ಯೂಗಲ್ ‘ಹಿಂದೆ ಸರಿಯಿರಿ’ ಎಂಬ ಸಂಕೇತ ನುಡಿಸಿತು. ಪಕ್ಕದ ಬ್ಯೂಗಲ್‌ಗಾರ ಅದನ್ನೇ ಊದಿದ, ಅವನ ಪಕ್ಕದವನೂ ಊದಿದ. ಇದು ತಪ್ಪಿರಬೇಕೆಂದು ಕೆಲವು ಅಧಿಕಾರಿಗಳಿಗೆ ಅನ್ನಿಸಿತು. ಆದರೆ ಸಂಕೇತ ಮತ್ತೆ ಮತ್ತೆ ಕೇಳಿಬಂದಾಗ, ಪ್ರಾಣ ಕೊಟ್ಟು ಗೆದ್ದ ಜಾಗ ಬಿಟ್ಟು ಸೈನಿಕರು ಕೆಳಗಿಳಿದರು. ಹಿಂದಿನಿಂದ ಬಂದ ಗಾರ್ಡ್ಸ್ ಮತ್ತು ಹೈಲ್ಯಾಂಡ್ ಪಡೆಗಳು ಆ ಕೋಟೆಯನ್ನು ಇನ್ನೊಮ್ಮೆ ಗೆಲ್ಲಬೇಕಾಯಿತು.

ಯಾರದೋ ಬಾಯಿಂದ ಬಂದ ಆಜ್ಞೆಯಾಗಿದ್ದರೆ ಹೇಳಿದವನ ಮುಖ ನೋಡಿ ಅನುಮಾನಿಸಬಹುದಿತ್ತು. ಕಹಳೆಗೆ ಮುಖವಿಲ್ಲ, ಸಹಿಯಿಲ್ಲ. ಕೇಳಿದೊಡನೆ ಪಾಲಿಸುವುದೊಂದೇ ಸೈನಿಕನಿಗೆ ಕಲಿಸಿದ್ದ ಪಾಠ.

ಹಾಗಾದರೆ ಇಂಥ ಅಪಾಯದ ಸಾಧನವನ್ನೇಕೆ ನಂಬಿಕೊಂಡಿದ್ದರು? ಸಾಲುಗಟ್ಟಿ, ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಿದ್ದ ಪಡೆಗೆ ಡ್ರಮ್ ಸಾಕಾಗುತ್ತಿತ್ತು. ಅದರ ತಾಳಕ್ಕೆ ನೂರಾರು ಕಾಲುಗಳು ಒಂದೇ ಸಮ ಬೀಳುತ್ತಿದ್ದವು, ಬಡಿತದ ವರಸೆ ಬದಲಾದರೆ ಆಜ್ಞೆ ಬದಲಾಯಿತೆಂದು ಅರ್ಥ. ಆದರೆ ಹತ್ತೊಂಬತ್ತನೇ ಶತಮಾನದ ಆರಂಭಕ್ಕೆ ಬಂದ ರೈಫಲ್ ಪಡೆಗಳು ಪೊದೆ, ಬಂಡೆಗಳ ಮರೆಯಲ್ಲಿ ಚದುರಿ ಹೋರಾಡುತ್ತಿದ್ದವು. ಅಂಥಲ್ಲಿ ಭಾರದ ಡ್ರಮ್ ಹೊತ್ತು ಓಡುವುದು ಕಷ್ಟ. ಮಳೆ ಬಂದರೆ ಅದರ ಚರ್ಮ ಸಡಿಲಾಗಿ ದನಿಯೂ ಮಂಕಾಗುತ್ತದೆ. ಹೆಗಲಿಗೆ ನೇತುಹಾಕಿಕೊಳ್ಳುವ ಪುಟ್ಟ ಬ್ಯೂಗಲ್ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು.

ಬ್ಯೂಗಲ್‌ನಲ್ಲಿ ಒತ್ತುವ ಗುಂಡಿಗಳಿಲ್ಲ. ತುಟಿಯ ಬಿಗಿ ಮತ್ತು ಉಸಿರಿನ ಒತ್ತಡದಿಂದಲೇ ಸ್ವರ ಬದಲಾಗಬೇಕು. ನಮ್ಮ ಸಂಗೀತದ ಲೆಕ್ಕದಲ್ಲಿ ಸೈನ್ಯದ ಸಂಕೇತಗಳಿಗೆ ಬಳಸುವುದು ಸ, ಪ, ಮೇಲಿನ ಸ, ಅದರ ಮೇಲಿನ ಗ, ಪ, ಇಷ್ಟೇ ಐದು. ರಿ, ಮ, ಧ, ನಿಗಳಿಗೆ ಕೆಲಸವಿಲ್ಲ. ಬೆಳಗ್ಗೆ ಏಳುವುದರಿಂದ ಹಿಡಿದು ಊಟ, ಮುನ್ನಡೆ, ದೀಪ ಆರಿಸುವುದರ ತನಕ ಎಲ್ಲವನ್ನೂ ಈ ಐದರಲ್ಲೇ ಹೇಳಬೇಕು. ಹೀಗಾಗಿ ಒಂದು ಸಂಕೇತಕ್ಕೂ ಇನ್ನೊಂದಕ್ಕೂ ವ್ಯತ್ಯಾಸವಿರುವುದು ಸ್ವರಗಳ ಜೋಡಣೆ ಮತ್ತು ಲಯದಲ್ಲಿ. ನೆನಪಿರಲೆಂದು ಸೈನಿಕರು ಪ್ರತಿ ಸಂಕೇತಕ್ಕೂ ತಮಾಷೆಯ ಮಾತುಗಳನ್ನು ಕಟ್ಟಿಕೊಂಡಿದ್ದರು. ಕರೆ ಯಾರಿಗೆಂದು ತಿಳಿಯಲು ಮೊದಲು ಆಯಾ ರೆಜಿಮೆಂಟಿನ ಗುರುತಿನ ಧ್ವನಿಯನ್ನು ಊದುವ ಪದ್ಧತಿಯೂ ಇತ್ತು.

ಕೇಳಿಸದೆ ಹೋದರೆ ಇದೆಲ್ಲ ವ್ಯರ್ಥ. 1857ರ ಸೆಪ್ಟೆಂಬರ್ 14ರಂದು ದೆಹಲಿಯ ಕಾಶ್ಮೀರಿ ದರ್ವಾಜವನ್ನು ಸಿಡಿಮದ್ದಿಟ್ಟು ಒಡೆದ ತುಕಡಿಯಲ್ಲಿ ರಾಬರ್ಟ್ ಹಾಥಾರ್ನ್ ಎಂಬ ಬ್ಯೂಗಲ್‌ಗಾರನಿದ್ದ. ಹಿಂದೆ ಕಾದಿದ್ದ 52ನೇ ರೆಜಿಮೆಂಟಿಗೆ ‘ಬನ್ನಿ’ ಎಂದು ಆತ ಮೂರು ಸಲ ಊದಿದ. ಗದ್ದಲದಲ್ಲಿ ಕರೆ ಯಾರ ಕಿವಿಗೂ ಬೀಳಲಿಲ್ಲ. ಹೊತ್ತು ಅಂದಾಜು ಮಾಡಿಕೊಂಡೇ ಪಡೆ ಮುನ್ನುಗ್ಗಿತು. ಹಾಥಾರ್ನ್‌ಗೆ ವಿಕ್ಟೋರಿಯಾ ಕ್ರಾಸ್ ಪದಕವೇನೋ ಸಿಕ್ಕಿತು.

ಬ್ಯಾಗ್‌ಪೈಪ್‌ನ ದಾರಿ ಸ್ವಲ್ಪ ಬೇರೆ. ಅದು ಆಜ್ಞೆ ಕೊಡುವುದಕ್ಕಿಂತ ಹೆಚ್ಚಾಗಿ ಕೆಚ್ಚು ತುಂಬುವ ವಾದ್ಯ. 1897ರಲ್ಲಿ ಇಂದಿನ ಪಾಕಿಸ್ತಾನದ ದರ್ಗಾಯಿ ಬೆಟ್ಟದ ಮೇಲಿನ ದಾಳಿಯಲ್ಲಿ ಪೈಪರ್ ಜಾರ್ಜ್ ಫಿಂಡ್‌ಲೇಟರ್ ಕಾಲಿಗೆ ಗುಂಡು ತಗುಲಿ ಬಿದ್ದರೂ ಕುಳಿತೇ ನುಡಿಸುತ್ತಿದ್ದ. ಮೊದಲ ಮಹಾಯುದ್ಧದ ಫಿರಂಗಿಗಳ ಸದ್ದಿಗೆ ಈ ಯಾವ ವಾದ್ಯವೂ ಸಾಟಿಯಾಗಲಿಲ್ಲ. ಆಜ್ಞೆ ಮುಟ್ಟಿಸುವ ಕೆಲಸ ಫೀಲ್ಡ್ ಟೆಲಿಫೋನಿಗೆ, ಆಮೇಲೆ ವೈರ್‌ಲೆಸ್‌ಗೆ ಹೋಯಿತು.

ಕೆಲಸ ಹೋದರೂ ಸಂಕೇತಗಳು ಉಳಿದವು. ಇಂದು ಶ್ರದ್ಧಾಂಜಲಿಯಲ್ಲಿ ಕೇಳುವ ‘ಲಾಸ್ಟ್ ಪೋಸ್ಟ್’ ಹಿಂದೆ ರಾತ್ರಿ ಕಾವಲುಗಾರರ ತಪಾಸಣೆ ಮುಗಿಯಿತೆಂದು ಸಾರುವ ಸಾಮಾನ್ಯ ಕರೆಯಾಗಿತ್ತು. ಬೆಲ್ಜಿಯಂನ ಈಪರ್ ಪಟ್ಟಣದ ಮೆನಿನ್ ಗೇಟ್ ಸ್ಮಾರಕದಲ್ಲಿ ಇದನ್ನು ನುಡಿಸುವುದು 1928ರಲ್ಲಿ ಆರಂಭವಾಯಿತು. ಈಗ ದಿನಾ ರಾತ್ರಿ ಎಂಟಕ್ಕೆ ಅಲ್ಲಿ ಅಗ್ನಿಶಾಮಕ ದಳಕ್ಕೆ ಸೇರಿದ ಬ್ಯೂಗಲ್‌ಗಾರರು ನುಡಿಸುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ವಶವಾಗಿದ್ದಷ್ಟು ಕಾಲ ನಿಂತಿದ್ದ ಈ ಕ್ರಮ, 1944ರ ಸೆಪ್ಟೆಂಬರ್ 6ರಂದು ಪಟ್ಟಣ ಬಿಡುಗಡೆಯಾದ ಸಂಜೆಯೇ ಮತ್ತೆ ಶುರುವಾಯಿತು. ಆ ಸ್ಮಾರಕದ ಗೋಡೆಗಳಲ್ಲಿ ಭಾರತೀಯ ಸೈನಿಕರ ಹೆಸರುಗಳೂ ಇವೆ.

ದೆಹಲಿಯ ವಿಜಯ್ ಚೌಕದಲ್ಲಿ ಜನವರಿ 29ರಂದು ನಡೆಯುವ ಬೀಟಿಂಗ್ ರಿಟ್ರೀಟ್‌ನ ಮೂಲವೂ ಹೀಗೆಯೇ ಸರಳ: ಸೂರ್ಯ ಮುಳುಗಿತು, ಕಾದಾಟ ಸಾಕು, ಶಿಬಿರಕ್ಕೆ ಮರಳಿ ಎಂಬ ಡ್ರಮ್ಮಿನ ಕರೆ.

ಇದನ್ನು ಹತ್ತಿರದಿಂದ ಕೇಳಲು ದೆಹಲಿಗೇ ಹೋಗಬೇಕೆಂದಿಲ್ಲ. ಅಕ್ಟೋಬರ್ 21, 1959ರಂದು ಲಡಾಖ್‌ನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಮಡಿದ ಪೊಲೀಸರ ನೆನಪಿಗೆ, ಪ್ರತಿ ವರ್ಷ ಅದೇ ದಿನ ಕರ್ನಾಟಕದಲ್ಲೂ ಪೊಲೀಸ್ ಹುತಾತ್ಮರ ದಿನಾಚರಣೆ ನಡೆಯುತ್ತದೆ. ಇಂಥ ಕಾರ್ಯಕ್ರಮಕ್ಕೆ ಹೋದರೆ ಒಂದು ಮಾತು ನೆನಪಿರಲಿ: ಲಾಸ್ಟ್ ಪೋಸ್ಟ್ ಮುಗಿದಾಗ ಚಪ್ಪಾಳೆ ತಟ್ಟಬಾರದು, ಕೂರಲೂಬಾರದು. ಮೌನದ ನಂತರ ‘ರೌಸ್’ ಎಂಬ ಇನ್ನೊಂದು ಚಿಕ್ಕ ಸಂಕೇತ ಬರುತ್ತದೆ. ಅದು ಮುಗಿಯುವ ತನಕ ನಿಂತಿರಬೇಕು.