ಒಂದು ಪ್ರಶ್ನೆಗೆ ಎರಡು ಸರಿಯುತ್ತರ!

ನಾಲ್ಕು ಉತ್ತರಗಳಲ್ಲಿ ಒಂದು ಸರಿ, ಮೂರು ತಪ್ಪು. ಬಹು ಆಯ್ಕೆಯ ಪ್ರಶ್ನೆಯ ಕರಾರು ಇಷ್ಟೇ. ಈ ಕರಾರು ಮುರಿದರೆ ಏನಾಗುತ್ತದೆ ಎಂಬುದನ್ನು 2024ರ ನೀಟ್ ಪರೀಕ್ಷೆಯ ಭೌತವಿಜ್ಞಾನದ ಒಂದು ಪ್ರಶ್ನೆ ದೇಶಕ್ಕೆಲ್ಲ ತೋರಿಸಿಕೊಟ್ಟಿತು.

ಆ ಪ್ರಶ್ನೆಯಲ್ಲಿ ಎರಡು ಹೇಳಿಕೆಗಳಿದ್ದವು. ಪರಮಾಣುವಿನಲ್ಲಿ ಧನ ಮತ್ತು ಋಣ ವಿದ್ಯುದಂಶಗಳು ಸಮನಾಗಿರುವುದರಿಂದ ಅದು ವಿದ್ಯುತ್ ತಟಸ್ಥ ಎಂಬುದು ಮೊದಲನೆಯದು. ಪ್ರತಿಯೊಂದು ಧಾತುವಿನ ಪರಮಾಣುಗಳೂ ಸ್ಥಿರವಾಗಿದ್ದು ತಮ್ಮದೇ ಆದ ರೋಹಿತವನ್ನು ಹೊರಸೂಸುತ್ತವೆ ಎಂಬುದು ಎರಡನೆಯದು. ಮೊದಲನೆಯದರ ಬಗ್ಗೆ ತಕರಾರಿರಲಿಲ್ಲ. ಜಗಳವೆಲ್ಲ ಎರಡನೆಯದರಲ್ಲಿದ್ದ 'ಪ್ರತಿಯೊಂದು' ಎಂಬ ಒಂದೇ ಮಾತಿನದು. ಯುರೇನಿಯಂ, ರೇಡಿಯಂಗಳಂಥ ವಿಕಿರಣಶೀಲ ಧಾತುಗಳ ಪರಮಾಣುಗಳು ಸ್ಥಿರವಲ್ಲ. ಆದ್ದರಿಂದ ಹೇಳಿಕೆ ತಪ್ಪು. ಆದರೆ ಎನ್‌ಸಿಇಆರ್‌ಟಿಯ ಹಳೆಯ ಪುಸ್ತಕದಲ್ಲಿ ಇದೇ ವಾಕ್ಯ ಸರಿಯೆಂದೇ ಅಚ್ಚಾಗಿತ್ತು. ಹೊಸ ಪುಸ್ತಕದಲ್ಲಿ ಅದನ್ನು 'ಹೆಚ್ಚಿನ ಧಾತುಗಳ' ಎಂದು ತಿದ್ದಲಾಗಿತ್ತು. ಅಕ್ಕನ ಹಳೆಯ ಪುಸ್ತಕ ಓದಿದ ತಮ್ಮನಿಗೆ ಒಂದು ಉತ್ತರ, ಹೊಸದನ್ನು ಕೊಂಡ ನೆರೆಮನೆಯ ಹುಡುಗನಿಗೆ ಇನ್ನೊಂದು!

ಆಕ್ಷೇಪಣೆಗಳು ಬಂದಾಗ ಪರೀಕ್ಷಾ ಸಂಸ್ಥೆ ಎರಡೂ ಉತ್ತರಗಳಿಗೆ ಅಂಕ ಕೊಟ್ಟಿತು. ಪೂರ್ಣಾಂಕ ಪಡೆದವರಲ್ಲಿ 44 ಮಂದಿಗೆ ಅದು ದಕ್ಕಿದ್ದು ಈ ನಿರ್ಧಾರದಿಂದಲೇ. ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಜುಲೈ 22ರಂದು ನ್ಯಾಯಾಲಯ ದೆಹಲಿಯ ಐಐಟಿಯ ಮೂವರು ತಜ್ಞರ ಅಭಿಪ್ರಾಯ ಕೇಳಿತು. ಎರಡನೆಯ ಹೇಳಿಕೆ ತಪ್ಪು, ಸರಿಯುತ್ತರ ಒಂದೇ ಎಂದು ಮರುದಿನವೇ ಅವರು ತಿಳಿಸಿದರು. ಅಂಕಗಳು ಪರಿಷ್ಕೃತವಾದವು. ಹಳೆಯ ಪುಸ್ತಕದ ಉತ್ತರ ಬರೆದಿದ್ದ ನಾಲ್ಕು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ಸಿಕ್ಕಿದ್ದ 4 ಅಂಕ ಕಳೆದುಕೊಂಡು, ತಪ್ಪುತ್ತರದ ದಂಡವಾಗಿ ಇನ್ನೊಂದು ಅಂಕವನ್ನೂ ತೆತ್ತರು.

ದೋಷಗಳಲ್ಲಿ ಎರಡು ಜಾತಿ

ಪ್ರಶ್ನೆಗಳ ದೋಷಗಳನ್ನು ಸ್ಥೂಲವಾಗಿ ಎರಡು ಜಾತಿಯಾಗಿ ವಿಂಗಡಿಸಬಹುದು. ಒಂದು, ಓದಿದವನನ್ನು ಶಿಕ್ಷಿಸುವ ದೋಷ. ಇನ್ನೊಂದು, ಓದದವನಿಗೆ ಬಹುಮಾನ ಕೊಡುವ ದೋಷ. ಮೊದಲನೆಯದರ ವಿರುದ್ಧ ಗದ್ದಲವಾಗುತ್ತದೆ. ಎರಡನೆಯದರಿಂದ ಅಂಕ ಸಿಕ್ಕವನು ಸುಮ್ಮನಿರುವುದರಿಂದ ಅದು ವರ್ಷಗಟ್ಟಲೆ ಹಾಗೆಯೇ ಉಳಿದುಬಿಡುತ್ತದೆ. ಮೂರು ಮಾದರಿ ಪ್ರಶ್ನೆಗಳನ್ನು ಇಟ್ಟುಕೊಂಡು ಇವನ್ನು ಪರಿಶೀಲಿಸೋಣ.

ಪ್ರಶ್ನೆ 1: ಕರ್ನಾಟಕದಲ್ಲಿ ಹುಟ್ಟಿ ಸಮುದ್ರ ಸೇರುವ ನದಿ ಯಾವುದು? ಅ) ಗೋದಾವರಿ ಆ) ಕಾವೇರಿ ಇ) ಕೃಷ್ಣಾ ಈ) ಶರಾವತಿ.

ಪ್ರಶ್ನೆ ತೆಗೆದವರ ಮನಸ್ಸಿನಲ್ಲಿದ್ದದ್ದು ಶರಾವತಿ. ಅದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಕಡಲು ಸೇರುತ್ತದೆ. ರಾಜ್ಯದ ಗಡಿ ದಾಟುವುದೇ ಇಲ್ಲ. ಆದರೆ ತಲಕಾವೇರಿಯಲ್ಲಿ ಹುಟ್ಟುವ ಕಾವೇರಿಯೂ ತಮಿಳುನಾಡನ್ನು ಹಾದು ಬಂಗಾಳ ಕೊಲ್ಲಿ ಸೇರುತ್ತದಲ್ಲ! ತಪ್ಪು ಆಯ್ಕೆಗಳಲ್ಲಿಲ್ಲ, ಪ್ರಶ್ನೆಯಲ್ಲಿದೆ. 'ಪೂರ್ತಿಯಾಗಿ ಕರ್ನಾಟಕದೊಳಗೇ ಹರಿದು' ಎಂಬ ಮಾತು ಬರೆದವರ ತಲೆಯಲ್ಲಿ ಉಳಿಯಿತು, ಕಾಗದಕ್ಕೆ ಇಳಿಯಲಿಲ್ಲ. ಎರಡು ಸರಿಯುತ್ತರಗಳ ಪ್ರಶ್ನೆಗಳು ಬಹಳಷ್ಟು ಸಲ ಹುಟ್ಟುವುದು ಹೀಗೆಯೇ.

ಇದನ್ನು ಹಿಡಿಯುವ ವಿಧಾನ ಸುಲಭ. ಸರಿಯುತ್ತರ ಸಿಕ್ಕಿತೆಂದು ಅಲ್ಲಿಗೇ ನಿಲ್ಲಬಾರದು. ಉಳಿದ ಮೂರರಲ್ಲಿ ಪ್ರತಿಯೊಂದೂ ಯಾಕೆ ತಪ್ಪು ಎಂದು ಒಂದು ವಾಕ್ಯದ ಕಾರಣ ಬರೆಯಬೇಕು. ಗೋದಾವರಿ, ಕೃಷ್ಣಾ ಎರಡೂ ಹುಟ್ಟುವುದು ಮಹಾರಾಷ್ಟ್ರದಲ್ಲಿ, ಕಾರಣ ಸಿಕ್ಕಿತು. ಕಾವೇರಿಗೆ ಕಾರಣ ಬರೆಯಲು ಹೊರಟರೆ ಲೇಖನಿ ನಿಲ್ಲುತ್ತದೆ. ಲೇಖನಿ ನಿಂತಲ್ಲಿ ದೋಷವಿರಬಹುದು.

ಪ್ರಶ್ನೆ 2: 'ಚೆನ್ನಮಲ್ಲಿಕಾರ್ಜುನ' ಅಂಕಿತದ ವಚನಕಾರ್ತಿ ಯಾರು? ಅ) ಬಸವಣ್ಣ ಆ) ಅಲ್ಲಮಪ್ರಭು ಇ) ಅಕ್ಕಮಹಾದೇವಿ ಈ) ಚನ್ನಬಸವಣ್ಣ.

ವಚನದ ಒಂದು ಸಾಲನ್ನೂ ಓದದವನು ಇಲ್ಲಿ ಉತ್ತರ ಹೇಳಬಲ್ಲ. 'ವಚನಕಾರ್ತಿ' ಎಂದಮೇಲೆ ಹೆಣ್ಣು, ಪಟ್ಟಿಯಲ್ಲಿರುವ ಹೆಣ್ಣು ಒಬ್ಬಳೇ. ಕನ್ನಡದ ಕ್ರಿಯಾಪದದಲ್ಲೂ ಲಿಂಗ, ವಚನಗಳು ಅಡಗಿರುವುದರಿಂದ 'ಬರೆದಳು', 'ಗೆದ್ದನು' ಎಂಬ ಮಾತುಗಳೂ ಹೀಗೆಯೇ ಗುಟ್ಟು ಬಿಟ್ಟುಕೊಡುತ್ತವೆ. ಇಂಗ್ಲಿಷಿನಲ್ಲಿ ನಿರ್ದೋಷವಾಗಿದ್ದ ಪ್ರಶ್ನೆ ಅನುವಾದವಾದಾಗ ಈ ದೋಷ ಹೊಸದಾಗಿ ಸೇರಿಕೊಳ್ಳುವುದುಂಟು. ಪರಿಹಾರವೂ ಸುಲಭ: ನೀಲಾಂಬಿಕೆ, ಮುಕ್ತಾಯಕ್ಕ, ಆಯ್ದಕ್ಕಿ ಲಕ್ಕಮ್ಮ ಇವರನ್ನು ಉಳಿದ ಆಯ್ಕೆಗಳಾಗಿ ಕೊಟ್ಟರೆ ಅಂಕಿತ ತಿಳಿದವನಿಗೆ ಮಾತ್ರ ಅಂಕ.

ಪ್ರಶ್ನೆ 3: ಸಸ್ಯಗಳ ಉಸಿರಾಟದ ಬಗ್ಗೆ ಯಾವುದು ಸರಿ? ಅ) ಸಸ್ಯಗಳು ಎಂದಿಗೂ ಉಸಿರಾಡುವುದಿಲ್ಲ ಆ) ಎಲ್ಲ ಸಸ್ಯಗಳೂ ರಾತ್ರಿ ಮಾತ್ರ ಉಸಿರಾಡುತ್ತವೆ ಇ) ಸಸ್ಯಗಳು ಹಗಲು ಮಾತ್ರ ಉಸಿರಾಡುತ್ತವೆ ಈ) ಸಸ್ಯಗಳು ಹಗಲೂ ರಾತ್ರಿಯೂ ಉಸಿರಾಡುತ್ತವೆ, ಆದರೆ ಬೆಳಕಿನಲ್ಲಿ ದ್ಯುತಿಸಂಶ್ಲೇಷಣೆ ಸಾಮಾನ್ಯವಾಗಿ ಹೆಚ್ಚಿರುವುದರಿಂದ ಅದು ಗಮನಕ್ಕೆ ಬಾರದು.

ಇಲ್ಲಿ ಎರಡು ಸುಳಿವುಗಳಿವೆ. 'ಎಂದಿಗೂ', 'ಎಲ್ಲ', 'ಮಾತ್ರ' ಎಂಬ ಖಡಾಖಂಡಿತ ಮಾತುಗಳು ತಪ್ಪು ಆಯ್ಕೆಗಳಲ್ಲಷ್ಟೇ ಇವೆ. ಇನ್ನು ಸರಿಯುತ್ತರ ಉಳಿದವುಗಳಿಗಿಂತ ಮೂರು ಪಟ್ಟು ಉದ್ದ. ಯಾರೂ ತಕರಾರು ಮಾಡದಂತೆ 'ಸಾಮಾನ್ಯವಾಗಿ', 'ಆದರೆ' ಎಂದು ಎಚ್ಚರಿಕೆಯಿಂದ ಬರೆಯುವ ಶ್ರಮವನ್ನು ಶಿಕ್ಷಕರು ಸರಿಯುತ್ತರಕ್ಕೆ ಮಾತ್ರ ಮೀಸಲಿಡುವುದರಿಂದ ಹೀಗಾಗುತ್ತದೆ. ಆದರೆ ಈ ಸುಳಿವನ್ನೇ ನಂಬಿ ಕೂರುವಂತಿಲ್ಲ. 'ಎಲ್ಲ ತ್ರಿಭುಜಗಳ ಒಳಕೋನಗಳ ಮೊತ್ತ 180 ಡಿಗ್ರಿ' ಎಂದು ರೇಖಾಗಣಿತದ ಪುಸ್ತಕದಲ್ಲಿದ್ದರೆ ಅಲ್ಲಿ 'ಎಲ್ಲ' ಸರಿಯೇ. ಖಡಾಖಂಡಿತ ಮಾತು ಕಂಡಾಗ ಅದಕ್ಕೆ ಒಂದಾದರೂ ಅಪವಾದ ಇದೆಯೇ ಎಂದು ಹುಡುಕಬೇಕು. ನೀಟ್ ಪ್ರಶ್ನೆಯ 'ಪ್ರತಿಯೊಂದು' ಎದುರಾದಾಗ ಯುರೇನಿಯಂ ನೆನಪಾದವರು ಬಚಾವಾದರು.

ಪಟ್ಟಿ ಮಾಡುವುದು ಹೇಗೆ?

ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವಾಗ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ನಾಲ್ಕು ಕಂಬಸಾಲು ಎಳೆಯಿರಿ: ಪ್ರಶ್ನೆಯ ಸಂಖ್ಯೆ, ದೋಷದ ಜಾತಿ, ದೋಷವಿರುವ ಪದ, ಆಧಾರ. ಮೇಲಿನ ಮೂರು ಪ್ರಶ್ನೆಗಳ ಪಟ್ಟಿ ಹೀಗಾಗುತ್ತದೆ:

1 – ಎರಡು ಸರಿಯುತ್ತರ (ಆ, ಈ) – 'ಹುಟ್ಟಿ ಸಮುದ್ರ ಸೇರುವ' – ಪಠ್ಯಪುಸ್ತಕದ ನದಿಗಳ ಪಾಠ, ನಕ್ಷೆ.
2 – ಲಿಂಗದ ಸುಳಿವು – 'ವಚನಕಾರ್ತಿ' – ಆಯ್ಕೆಗಳಲ್ಲಿ ಒಬ್ಬಳೇ ಸ್ತ್ರೀ.
3 (ಕ) – ಖಡಾಖಂಡಿತ ಪದದ ಸುಳಿವು – 'ಎಂದಿಗೂ', 'ಎಲ್ಲ', 'ಮಾತ್ರ' – ತಪ್ಪು ಆಯ್ಕೆಗಳಲ್ಲಷ್ಟೇ ಇವೆ.
3 (ಖ) – ಉದ್ದದ ಸುಳಿವು – ಆಯ್ಕೆ ಈ – ಉಳಿದವುಗಳ ಮೂರು ಪಟ್ಟು.

ಒಂದೇ ಪ್ರಶ್ನೆಯಲ್ಲಿ ಎರಡು ದೋಷವಿದ್ದರೆ ಬೇರೆ ಬೇರೆ ಸಾಲಿನಲ್ಲೇ ಬರೆಯಬೇಕು. ಒಂದನ್ನು ತಿದ್ದಿದರೆ ಇನ್ನೊಂದು ಉಳಿದೀತು.

ಈ ಪಟ್ಟಿಯಲ್ಲಿ ಆಕ್ಷೇಪಣೆಗೆ ಒದಗುವುದು ಮೊದಲನೆಯ ಸಾಲು ಮಾತ್ರ. ಸುಳಿವಿನಿಂದ ಸರಿಯುತ್ತರ ಬದಲಾಗುವುದಿಲ್ಲವಾದ್ದರಿಂದ ಅಂಕವೂ ಬದಲಾಗದು. ಅಂಥ ಸಾಲುಗಳನ್ನು ಶಾಲೆಯ ಶಿಕ್ಷಕರಿಗೆ ತೋರಿಸಿದರೆ ಮುಂದಿನ ಪತ್ರಿಕೆ ಸುಧಾರಿಸೀತು. ಎರಡು ಸರಿಯುತ್ತರದ ಆಕ್ಷೇಪಣೆಗೂ 'ನನಗೆ ಹಾಗನ್ನಿಸಿತು' ಎಂಬುದು ಸಾಲದು. ಪ್ರಕಟಿತ ಉತ್ತರ ತಪ್ಪೆಂದು ಸ್ಪಷ್ಟವಾಗಿ ಸಿದ್ಧವಾಗುವವರೆಗೆ ಅದನ್ನು ಸರಿಯೆಂದೇ ಭಾವಿಸಬೇಕು ಎಂದು ಸುಪ್ರೀಂ ಕೋರ್ಟ್ 1983ರಲ್ಲಿ ಕಾನ್ಪುರ ವಿಶ್ವವಿದ್ಯಾಲಯದ ಪ್ರಕರಣದಲ್ಲೇ ಹೇಳಿದೆ. 2024ರ ನೀಟ್‌ನಲ್ಲಿ ಒಂದು ಪ್ರಶ್ನೆಯನ್ನು ಪ್ರಶ್ನಿಸಲು 200 ರೂಪಾಯಿ ಕಟ್ಟಬೇಕಿತ್ತು. ಹಣ ಕಟ್ಟುವ ಮೊದಲು ಪಾಲಕರು ನಾಲ್ಕನೆಯ ಕಂಬಸಾಲನ್ನು ನೋಡಲಿ. ಅಲ್ಲಿ ಈಗ ಜಾರಿಯಲ್ಲಿರುವ ಪುಸ್ತಕದ ಹೆಸರು, ಮುದ್ರಣದ ವರ್ಷ, ಪುಟಸಂಖ್ಯೆ ಇಲ್ಲದಿದ್ದರೆ ಆಕ್ಷೇಪಣೆ ನಿಲ್ಲುವುದು ಕಷ್ಟ. ನಾಲ್ಕು ಲಕ್ಷ ಮಂದಿಯ ಬಳಿ ಪುಸ್ತಕವೇನೋ ಇತ್ತು. ಮುದ್ರಣದ ವರ್ಷ ಮಾತ್ರ ಹಳೆಯದಾಗಿತ್ತು.