ಕಿಮೋಥೆರಪಿ ವೇಳೆ ಹಣ್ಣು ತಿನ್ನಬಾರದೆ?

ಕ್ಯಾನ್ಸರ್‌ಗೆ ಕಿಮೋಥೆರಪಿ ಆರಂಭವಾದ ಮನೆಗಳಲ್ಲಿ ಹಸಿಯಾದುದೆಲ್ಲ ನಿಷಿದ್ಧವಾಗುವುದುಂಟು. ಹಣ್ಣಿಲ್ಲ, ಸೌತೆಕಾಯಿಯಿಲ್ಲ, ಬರೀ ಗಂಜಿ ಮತ್ತು ಬೇಯಿಸಿದ ತರಕಾರಿ. ಈ ಕಟ್ಟುನಿಟ್ಟಿನ ಪಥ್ಯಕ್ಕೆ ‘ನ್ಯೂಟ್ರೋಪೀನಿಕ್ ಆಹಾರ’ ಎಂದು ಹೆಸರು. ಇದರಿಂದ ನಿಜವಾಗಿಯೂ ಸೋಂಕು ತಪ್ಪುತ್ತದೆಯೇ?

ಮೊದಲು ಈ ಪಥ್ಯ ಹುಟ್ಟಿದ ಕಾರಣ ತಿಳಿಯೋಣ. ನಮ್ಮ ರಕ್ತದ ಬಿಳಿ ಕಣಗಳಲ್ಲಿ ನ್ಯೂಟ್ರೋಫಿಲ್‌ಗಳು ಬ್ಯಾಕ್ಟೀರಿಯಾಗಳನ್ನು ನುಂಗಿ ನಾಶಮಾಡುವ ಕಾವಲುಗಾರರು. ಕಿಮೋಥೆರಪಿ ಔಷಧಿ ಕ್ಯಾನ್ಸರ್ ಕೋಶಗಳ ಜೊತೆಗೆ, ಈ ಕಣಗಳು ತಯಾರಾಗುವ ಮೂಳೆಮಜ್ಜೆಯನ್ನೂ ಕುಗ್ಗಿಸುತ್ತದೆ. ಸಾಮಾನ್ಯವಾಗಿ ಔಷಧಿ ಕೊಟ್ಟ 7ರಿಂದ 14ನೇ ದಿನದೊಳಗೆ ಇವುಗಳ ಸಂಖ್ಯೆ ಅತಿ ಕಡಿಮೆಯಾಗಿ, ಬಳಿಕ ಏರುತ್ತದೆ. ಹಸಿ ಆಹಾರದಲ್ಲಿ ರೋಗಾಣುಗಳಿರುತ್ತವೆ, ಆದ್ದರಿಂದ ಅದು ಬೇಡ ಎಂಬ ತರ್ಕ ಸಹಜವೇ. ಆದರೆ ಬಹುಕಾಲ ಅದನ್ನು ಯಾರೂ ಒರೆಗೆ ಹಚ್ಚಿರಲಿಲ್ಲ.

ಪರೀಕ್ಷೆಗಳು ಕಂಡದ್ದು

ಅಮೆರಿಕದಲ್ಲಿ ತೀವ್ರ ರಕ್ತ ಕ್ಯಾನ್ಸರಿನ 153 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬೇಯಿಸಿದ ಆಹಾರವನ್ನಷ್ಟೇ, ಇನ್ನೊಂದಕ್ಕೆ ತಾಜಾ ಹಣ್ಣು–ತರಕಾರಿಯನ್ನೂ ಕೊಡಲಾಯಿತು. 2008ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ದೊಡ್ಡ ಸೋಂಕು ತಗಲಿದವರು ಮೊದಲ ಗುಂಪಿನಲ್ಲಿ ಶೇ 29, ಎರಡನೆಯದರಲ್ಲಿ ಶೇ 35. ಇಷ್ಟು ಅಂತರ ಕೇವಲ ಆಕಸ್ಮಿಕವಾಗಿಯೂ ಬರಬಹುದು. ಸಾವಿನ ಪ್ರಮಾಣದಲ್ಲೂ ಗಣನೀಯ ವ್ಯತ್ಯಾಸವಿರಲಿಲ್ಲ. ಆಕರ ಕೋಶ ಕಸಿಗೆ ಒಳಗಾದ ಇನ್ನೂರಕ್ಕೂ ಹೆಚ್ಚು ರೋಗಿಗಳ ಮೇಲೆ ಇಟಲಿಯಲ್ಲಿ ನಡೆದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಪಥ್ಯ ಮಾಡಿದವರಲ್ಲಿ ಶೇ 50, ಮಾಡದವರಲ್ಲಿ ಶೇ 47 ಮಂದಿಗೆ ಸೋಂಕು ಬಂದಿತ್ತು.

ಕಾರಣವೂ ಅರ್ಥವಾಗುವಂಥದ್ದೇ. ಈ ದಿನಗಳ ಸೋಂಕಿನಲ್ಲಿ ಬಹುಪಾಲು, ರೋಗಿಯ ಬಾಯಿ, ಕರುಳು, ಚರ್ಮದಲ್ಲಿ ಮೊದಲೇ ನೆಲೆಸಿದ ಬ್ಯಾಕ್ಟೀರಿಯಾಗಳಿಂದ ಬರುತ್ತದೆ. ಔಷಧಿಯಿಂದ ಕರುಳಿನ ಒಳಪದರ ಹುಣ್ಣಾದಾಗ ಅವು ರಕ್ತಕ್ಕೆ ನುಗ್ಗುತ್ತವೆ. ಹಣ್ಣು ಬಿಟ್ಟರೆ ಇದು ತಪ್ಪದು.

ಆದರೆ ಒಂದು ಎಚ್ಚರಿಕೆ: ಆ ರೋಗಿಗಳು ತಿಂದದ್ದು ಆಸ್ಪತ್ರೆಯ ಶುಚಿಯಾದ ಅಡುಗೆಮನೆಯ ಹಣ್ಣನ್ನು, ರಸ್ತೆಬದಿ ಕೊಯ್ದಿಟ್ಟದ್ದನ್ನಲ್ಲ. ಏನನ್ನು ಬಿಡಬೇಕು ಎನ್ನುವುದಕ್ಕಿಂತ ಹೇಗೆ ಶುಚಿ ಮಾಡಬೇಕು ಎನ್ನುವುದೇ ಮುಖ್ಯ.

ಒಂದು ಉದಾಹರಣೆ

ಸ್ತನ ಕ್ಯಾನ್ಸರಿಗೆ 21 ದಿನಗಳಿಗೊಮ್ಮೆ ಚಿಕಿತ್ಸೆ ಪಡೆಯುತ್ತಿರುವ ಮಹಿಳೆಯೊಬ್ಬರ 10ನೇ ದಿನದ ರಕ್ತಪರೀಕ್ಷೆ ನೋಡೋಣ. ಬಿಳಿ ಕಣಗಳು 1,400. ಅದರಲ್ಲಿ ನ್ಯೂಟ್ರೋಫಿಲ್ ಶೇ 30. ಗುಣಿಸಿದರೆ 420. ಇದು 500ಕ್ಕಿಂತ ಕಡಿಮೆಯಾದರೆ ಅಪಾಯದ ಮಟ್ಟ. ಆಕೆ ಆ ದಿನ ಏನು ತಿನ್ನಬಹುದು?

ಬಾಳೆ, ಕಿತ್ತಳೆಯಂಥ ಹಣ್ಣನ್ನು ಹರಿಯುವ ನೀರಿನಲ್ಲಿ ತೊಳೆದು, ತೊಳೆದ ಕೈಯಿಂದ ಸಿಪ್ಪೆ ಸುಲಿದು ಆಗಲೇ ತಿನ್ನಬಹುದು. ಸಿಪ್ಪೆ ತೆಗೆಯುವ ಮೊದಲೇ ತೊಳೆಯಬೇಕು. ಇಲ್ಲವಾದರೆ ಚಾಕು ಹೊರಗಿನ ಕೊಳೆಯನ್ನು ಒಳಕ್ಕೆ ಒಯ್ಯುತ್ತದೆ. ಹಸಿ ಮೊಳಕೆಕಾಳು ಬೇಡ. ಬೀಜದ ಒಳಗೇ ಸೇರಿಕೊಂಡ ಬ್ಯಾಕ್ಟೀರಿಯಾ ತೊಳೆದರೆ ಹೋಗದು, ಮೊಳಕೆ ಬರುವ ಬೆಚ್ಚನೆಯ ತೇವದಲ್ಲಿ ಬೆಳೆಯುತ್ತದೆ. ಕೋಸಂಬರಿಯ ಬದಲು ಬೇಯಿಸಿದ ಉಸಲಿ ಆಗಬಹುದು. ಮೊಟ್ಟೆಯ ಹಳದಿ ಗಟ್ಟಿಯಾಗುವವರೆಗೆ, ಮಾಂಸ ಒಳಗಿನವರೆಗೂ ಬೇಯಬೇಕು. ಹಾಲು, ಕುಡಿಯುವ ನೀರು ಕುದಿಸಿದ್ದಾಗಿರಲಿ. ಪಾನಿಪೂರಿ, ಕಬ್ಬಿನ ಹಾಲು, ಹೊರಗಿನ ಐಸ್ ಬೇಡವೇ ಬೇಡ.

ರಾತ್ರಿಯ ಅನ್ನದಿಂದ ಬೆಳಿಗ್ಗೆ ಚಿತ್ರಾನ್ನ ಮಾಡುವ ರೂಢಿಯ ಬಗ್ಗೆ ವಿಶೇಷ ಎಚ್ಚರ ಬೇಕು. ಅಕ್ಕಿಯಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಾಣುಗಳು ಬೇಯಿಸಿದರೂ ಉಳಿಯುತ್ತವೆ. ಅನ್ನ ಹೊರಗಿದ್ದರೆ ಅವು ಬೆಳೆದು ವಿಷ ಬಿಡುತ್ತವೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಪೂರ್ತಿ ನಾಶವಾಗದು. ವಾಸನೆಯಿಂದ ಇದು ತಿಳಿಯುವುದೂ ಇಲ್ಲ. ಅಡುಗೆಯನ್ನು ಎರಡು ಗಂಟೆಯೊಳಗೆ ಉಣ್ಣಿ, ಇಲ್ಲವೇ ಫ್ರಿಜ್ಜಿನಲ್ಲಿಡಿ. ಫ್ರಿಜ್ಜಿನಿಂದ ತೆಗೆದದ್ದನ್ನು ಹಬೆಯಾಡುವಷ್ಟು ಬಿಸಿ ಮಾಡಿ, ಒಂದೇ ಸಲಕ್ಕೆ ಮುಗಿಸಿ.

ಬರೀ ಗಂಜಿಯಲ್ಲಿ ದಿನ ಕಳೆದ ರೋಗಿ ತೂಕ ಕಳೆದುಕೊಂಡರೆ ಮುಂದಿನ ಚಿಕಿತ್ಸೆ ತಾಳಿಕೊಳ್ಳುವುದೇ ಕಷ್ಟವಾಗಬಹುದು. ಕಸಿಗೆ ಒಳಗಾದವರು ಮಾತ್ರ ತಮ್ಮ ಆಸ್ಪತ್ರೆ ಹೇಳಿದ ನಿಯಮವನ್ನೇ ಪಾಲಿಸಬೇಕು. ಮೊಸರಿನ ವಿಷಯವನ್ನೂ ನಿಮ್ಮ ವೈದ್ಯರಲ್ಲೇ ಕೇಳಿ.

ಎಷ್ಟೇ ಶುಚಿಯಾಗಿ ಉಂಡರೂ ಜ್ವರ ಬರಬಹುದು. ಉಷ್ಣತೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಮನೆಯಲ್ಲೇ ಜ್ವರದ ಮಾತ್ರೆ ನುಂಗಿ ಬೆಳಗಾಗಲೆಂದು ಕಾಯಬೇಡಿ. ನಡುರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ, ಕಿಮೋಥೆರಪಿ ನಡೆಯುತ್ತಿದೆ ಎಂದು ಮೊದಲೇ ತಿಳಿಸಿ.